ಶೀರ್ಷಿಕೆಗೆ ಜಾಗ ಬಿಡುವ ಮುಖಪುಟ: ಪತ್ತೇದಾರಿ ಕಾದಂಬರಿಯೊಂದಕ್ಕೆ ಪ್ರಾಂಪ್ಟ್ ಬರೆಯುವ ಬಗೆ

ಚಿತ್ರ ರಚಿಸುವ ಎಐ ಉಪಕರಣಕ್ಕೆ ‘ಕನ್ನಡ ಪತ್ತೇದಾರಿ ಕಾದಂಬರಿಯ ಮುಖಪುಟ’ ಎಂದಷ್ಟೇ ಬರೆದು ಕೊಟ್ಟರೆ ಬರುವುದು ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರ. ಉದ್ದ ಕೋಟು ತೊಟ್ಟ, ಟೋಪಿ ಹಾಕಿದ ಗಂಡಸು. ಮಂಜು ಮುಸುಕಿದ, ಯಾವ ದೇಶದ್ದೆಂದು ಹೇಳಲಾಗದ ಬೀದಿ. ತಲೆಯ ಮೇಲೆ ಕನ್ನಡದಂತೆ ಕಂಡರೂ ಓದಲು ಬಾರದ ಅಕ್ಷರಗಳು. ನಿಘಂಟಿನಷ್ಟು ದಪ್ಪನೆಯ ಪುಸ್ತಕ. ಅದನ್ನು ಪ್ರಕಾಶಕರಿಗೆ ತೋರಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಹೆಸರು ಎಲ್ಲಿ ಕೂರಿಸುವುದು?’ ಎಂಬುದು. ಈ ಲೇಖನ ಆ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧವಿರುವಂತೆ, ಪ್ರಕಾಶಕರಿಗೆ ತೋರಿಸಲು ಇಡೀ ಪುಸ್ತಕವೇ ನಿಂತಂತೆ ಕಾಣುವ ಪರಿಕಲ್ಪನೆಯ ಚಿತ್ರಕ್ಕೆ ಪ್ರಾಂಪ್ಟ್ ಬರೆಯುವುದರ ಬಗ್ಗೆ.

ಉದಾಹರಣೆಗೆ ಒಂದು ಪುಸ್ತಕವನ್ನು ಕಲ್ಪಿಸಿಕೊಳ್ಳೋಣ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರನೊಬ್ಬ ಕಾಣೆಯಾಗುತ್ತಾನೆ. ಕಾದಂಬರಿಯ ಹೆಸರು ‘ಮಧ್ಯರಾತ್ರಿಯ ಕೊಪ್ಪರಿಗೆ’. ಡೆಮಿ 1/8 ಆಕಾರ, 200 ಪುಟ, ಪೇಪರ್‌ಬ್ಯಾಕ್.

ಮೊದಲು ಪುಸ್ತಕದ ಅಳತೆ

ಚಿತ್ರದ ವಿಚಾರಕ್ಕೆ ಕೈ ಹಾಕುವ ಮೊದಲು ಪುಸ್ತಕದ ಮೈ ಎಷ್ಟು ಎಂದು ತಿಳಿದಿರಬೇಕು. ಡೆಮಿ 1/8 ಎಂದರೆ ಕಟಿಂಗ್ ಆದ ಮೇಲೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮಿಲಿಮೀಟರಿನಲ್ಲಿ 140 ಮತ್ತು 216. ಇನ್ನೂರು ಪುಟವೆಂದರೆ ನೂರು ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದ ಒಂದು ಹಾಳೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪವಿರುತ್ತದೆ ಎಂದು ಹಿಡಿದರೆ, ಪುಸ್ತಕದ ಬೆನ್ನು ಸುಮಾರು 10 ಮಿಲಿಮೀಟರ್. ಮುದ್ರಣಕ್ಕೆ ಹೋಗುವಾಗ ನಿಖರ ಲೆಕ್ಕವನ್ನು ಮುದ್ರಣಾಲಯದವರೇ ಕೊಡುತ್ತಾರೆ. ಅವರ ಕಾಗದ, ಅವರ ಲೆಕ್ಕ. ಪರಿಕಲ್ಪನೆಯ ಚಿತ್ರಕ್ಕೆ ಇಷ್ಟು ಸಾಕು.

ಇದರಿಂದ ಕೈಗೆ ಬರುವ ಮುಖ್ಯ ಸಂಗತಿ ಒಂದು ಅನುಪಾತ. ಬೆನ್ನಿನ ದಪ್ಪ ಮುಖಪುಟದ ಅಗಲದ ಹದಿನಾಲ್ಕನೇ ಒಂದು ಭಾಗ. ಎಐ ಉಪಕರಣಗಳಿಗೆ ಮಿಲಿಮೀಟರ್ ತಿಳಿಯುವುದಿಲ್ಲ. ‘10 ಮಿ.ಮೀ. ಬೆನ್ನು’ ಎಂದು ಬರೆದರೂ ದಪ್ಪ ಪುಸ್ತಕವನ್ನೇ ಕೊಡುತ್ತವೆ, ಏಕೆಂದರೆ ಅವು ಕಲಿತ ಜಾಹೀರಾತು ಚಿತ್ರಗಳಲ್ಲಿ ಪುಸ್ತಕಗಳು ಠೀವಿಯಿಂದ ದಪ್ಪಗಿರುತ್ತವೆ. ‘ಸುಮಾರು 200 ಪುಟಗಳ ತೆಳ್ಳನೆಯ ಪೇಪರ್‌ಬ್ಯಾಕ್, ಕಿರಿದಾದ ಚಪ್ಪಟೆ ಬೆನ್ನು’ ಎಂದು ಮಾತಿನಲ್ಲಿ ಹೇಳುವುದೇ ಹೆಚ್ಚು ಕೆಲಸ ಮಾಡುತ್ತದೆ. ಅನುಪಾತ ಬೇಕಾಗುವುದು ಆಮೇಲೆ, ಬಂದದ್ದನ್ನು ಪರೀಕ್ಷಿಸುವಾಗ.

ಪ್ರಕಾರಕ್ಕೆ ತಕ್ಕ ದೃಶ್ಯ

ಮುಖಪುಟ ನೋಡಿದ ಓದುಗನಿಗೆ ಇದು ಯಾವ ಬಗೆಯ ಪುಸ್ತಕ ಎಂಬುದು ಹೆಸರು ಓದುವುದಕ್ಕೂ ಮೊದಲೇ ತಿಳಿಯಬೇಕು. ಇದಕ್ಕಾಗಿ ಹೆಚ್ಚಿನವರು ಪ್ರಕಾರದ ಹೆಸರನ್ನೇ ಪ್ರಾಂಪ್ಟಿನಲ್ಲಿ ಬರೆಯುತ್ತಾರೆ. ‘ಪತ್ತೇದಾರಿ’ ಎಂದ ಕೂಡಲೇ ಭೂತಗನ್ನಡಿ, ಟೋಪಿ, ರಕ್ತದ ಹನಿ ಬರುವುದು ಇದರಿಂದಲೇ. ಹಾಗೆಯೇ ‘ಮೈಸೂರು’ ಎಂದರೆ ಅರಮನೆಯಂತಹ ಗುಮ್ಮಟ ಬರುತ್ತದೆ, ‘ಭಾರತೀಯ ಹಳ್ಳಿ’ ಎಂದರೆ ಮರಳುಗಾಡಿನ ಮುಂಡಾಸು ಬರುತ್ತದೆ. ನನ್ನ ನಿಯಮವಿಷ್ಟೇ: ಪ್ರಾಂಪ್ಟಿನಲ್ಲಿ ಊರಿನ ಹೆಸರೂ ಬೇಡ, ಪ್ರಕಾರದ ಹೆಸರೂ ಬೇಡ. ಕಣ್ಣಿಗೆ ಕಾಣುವ ವಸ್ತುವನ್ನೂ ಬೆಳಕನ್ನೂ ವರ್ಣಿಸಿದರೆ ಎರಡೂ ತಾವಾಗಿ ಬರುತ್ತವೆ.

ಆಲೆಮನೆ ಎಂದರೆ ಉಪಕರಣಕ್ಕೆ ಗೊತ್ತಿಲ್ಲ. ಕೊಪ್ಪರಿಗೆ ಎಂದರಂತೂ ಬಾಯಿ ಕಿರಿದಾದ ತಾಮ್ರದ ಹಂಡೆಯನ್ನೋ ಅಡುಗೆಮನೆಯ ಪಾತ್ರೆಯನ್ನೋ ಬಿಡಿಸಿಬಿಡುತ್ತದೆ. ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕು: ಮಣ್ಣಿನ ದೊಡ್ಡ ಒಲೆಯ ಮೇಲೆ ಕೂರಿಸಿದ, ಆಳ ಕಡಿಮೆ ಇರುವ, ಇಬ್ಬರು ಕೈಚಾಚಿದಷ್ಟು ಅಗಲದ ದುಂಡನೆಯ ಕಬ್ಬಿಣದ ಬಾಣಲೆ, ಅದರಲ್ಲಿ ನೊರೆಯೇಳುತ್ತಿರುವ ಕಂದು ಬಣ್ಣದ ಕಬ್ಬಿನ ಹಾಲು, ಒಲೆಯ ಬಾಯಲ್ಲಿ ಉರಿಯುತ್ತಿರುವ ಒಣಗಿದ ಕಬ್ಬಿನ ಸಿಪ್ಪೆ, ಎರಡು ಬದಿ ತೆರೆದ, ಗರಿ ಹೊದಿಸಿದ ಚಪ್ಪರ. ಕಬ್ಬಿನ ಗದ್ದೆ ಬೇಕಿದ್ದರೆ ಅದಕ್ಕೂ ಗಿಣ್ಣು ಗಿಣ್ಣಾದ ದಂಟು, ಬಾಗಿದ ಉದ್ದನೆಯ ಗರಿ ಎಂದು ಬರೆಯಿರಿ. ಇಲ್ಲವಾದರೆ ಜೋಳದ ಹೊಲವೋ ಬಿದಿರು ಮೆಳೆಯೋ ಬರುತ್ತದೆ, ಮಂಡ್ಯದ ಓದುಗರು ಪುಸ್ತಕ ಮುಟ್ಟುವ ಮೊದಲೇ ನಗುತ್ತಾರೆ.

ಇಷ್ಟು ಮಾತ್ರ ಇದ್ದರೆ ಅದು ಆಲೆಮನೆಯ ಚಿತ್ರವಾಯಿತು, ಪತ್ತೇದಾರಿ ಪುಸ್ತಕದ ಮುಖಪುಟವಾಗಲಿಲ್ಲ. ಅನುಮಾನ ಹುಟ್ಟಿಸಲು ಎರಡು ಸಂಗತಿ ಬೇಕು. ಒಂದು, ಬೆಳಕು ಒಂದೇ ಕಡೆಯಿಂದ ಬರಬೇಕು. ಒಲೆಯ ಬಾಯಿಂದ ಬರುವ ಕಿತ್ತಳೆ ಬೆಳಕು ಬಿಟ್ಟರೆ ಉಳಿದದ್ದೆಲ್ಲ ಕಡುನೀಲಿ ಕತ್ತಲೆ. ಎರಡು, ಇರಬೇಕಾದದ್ದು ಇರಬಾರದು. ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆಯ ಬಳಿ ಆಳು ಇರಲೇಬೇಕು, ಹದ ತಪ್ಪಿದರೆ ಪಾಕ ತಳ ಹಿಡಿಯುತ್ತದೆ. ಇಲ್ಲಿ ಬೆಂಕಿ ಉರಿಯುತ್ತಿದೆ, ನೊರೆ ಅಂಚಿಗೆ ಬಂದಿದೆ, ಯಾರೂ ಇಲ್ಲ. ಒಲೆಯ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಇದೆ. ಆಲೆಮನೆ ಕಂಡವರಿಗೆ ಇದು ತಕ್ಷಣ ತಟ್ಟುತ್ತದೆ; ಕಾಣದವರಿಗೂ ಬಿಟ್ಟುಹೋದ ಚಪ್ಪಲಿ ಏನೋ ಹೇಳುತ್ತದೆ. ಮುಖ ತೋರಿಸುವ ಅಗತ್ಯವೇ ಇಲ್ಲ. ಎಐ ಬಿಡಿಸುವ ಮುಖಗಳು ಹೇಗೂ ಸಿನಿಮಾ ಪೋಸ್ಟರಿನಿಂದ ಇಳಿದುಬಂದಂತೆ ಇರುತ್ತವೆ.

ಅದೇ ಆಲೆಮನೆ ಒಂದು ಸಾಮಾಜಿಕ ಕಾದಂಬರಿಗೆ ಬೇಕಿದ್ದರೆ ಬೆಳಗಿನ ಹೊತ್ತು, ಚದುರಿದ ಬೆಳಕು, ಬೆನ್ನು ತಿರುಗಿಸಿ ಕೆಲಸ ಮಾಡುವ ನಾಲ್ಕಾರು ಜನ. ಹಾಸ್ಯ ಲೇಖನಗಳ ಸಂಕಲನಕ್ಕಾದರೆ ಬೆಳಕು ನೆರಳೇ ಬೇಡ, ಚಪ್ಪಟೆ ಬಣ್ಣದಲ್ಲಿ ಒಂದು ಅಚ್ಚು ಬೆಲ್ಲ, ಅದಕ್ಕೆ ಸಾಲುಗಟ್ಟಿದ ಇರುವೆ. ವಸ್ತು ಬದಲಾಗುವುದಿಲ್ಲ, ಬೆಳಕು ಮತ್ತು ಜನರ ಇರವು ಬದಲಾಗುತ್ತದೆ.

ಶೀರ್ಷಿಕೆಯ ಜಾಗ

‘ಮೇಲೆ ಖಾಲಿ ಜಾಗ ಬಿಡಿ’ ಎಂದು ಬರೆದರೆ ಉಪಕರಣ ಎರಡರಲ್ಲಿ ಒಂದು ತಪ್ಪು ಮಾಡುತ್ತದೆ. ಚಿತ್ರದ ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸುತ್ತದೆ, ಇಲ್ಲವೇ ‘ಶೀರ್ಷಿಕೆ’ ಎಂಬ ಮಾತು ಕೇಳಿದ್ದೇ ಅಲ್ಲಿ ಸುಳ್ಳು ಅಕ್ಷರಗಳನ್ನು ತುಂಬುತ್ತದೆ. ಖಾಲಿ ಜಾಗ ಕೇಳಬಾರದು. ಸ್ವಭಾವತಃ ಖಾಲಿಯಿರುವ ವಸ್ತುವೊಂದನ್ನು ಆ ಜಾಗದಲ್ಲಿ ಇಡಬೇಕು. ರಾತ್ರಿಯ ಆಕಾಶ, ಸುಣ್ಣ ಬಳಿದ ಗೋಡೆ, ನಾಲೆಯ ನಿಂತ ನೀರು ಇಂಥವು. ನಮ್ಮ ಚಿತ್ರಕ್ಕೆ ಮೋಡವಿಲ್ಲದ, ನಕ್ಷತ್ರವಿಲ್ಲದ ಕಡುನೀಲಿ ಆಕಾಶ ಸರಿ.

ಎಷ್ಟು ಜಾಗ? ಇಂಗ್ಲಿಷ್ ಪುಸ್ತಕಗಳಿಗಾಗಿ ಬರೆದ ಸಲಹೆಗಳಲ್ಲಿ ಸಾಮಾನ್ಯವಾಗಿ ಮೇಲಿನ ಮೂರನೇ ಒಂದು ಭಾಗ ಎಂದಿರುತ್ತದೆ. ಕನ್ನಡಕ್ಕೆ ಅದು ಸಾಲದು. ‘ಮಧ್ಯರಾತ್ರಿಯ’ ಎಂಬ ಸಾಲನ್ನೇ ನೋಡಿ: ‘ಧ್ಯ’ದ ಯ ಒತ್ತು, ‘ತ್ರಿ’ಯ ರ ಒತ್ತು ಕೆಳಗೆ ಇಳಿಯುತ್ತವೆ, ‘ತ್ರಿ’ಯ ಗುಡಿಸು ಮೇಲಕ್ಕೆ ಏರುತ್ತದೆ. ಎರಡನೇ ಸಾಲಿನ ‘ಕೊಪ್ಪರಿಗೆ’ಯ ಎತ್ವ ಮತ್ತು ಗುಡಿಸುಗಳು ಮೇಲಿನ ಸಾಲಿನ ಒತ್ತುಗಳಿಗೆ ಹೋಗಿ ತಾಕಬಾರದು. ಮೂಲಾಕ್ಷರದ ಎತ್ತರ 16 ಮಿಲಿಮೀಟರ್ ಇಟ್ಟುಕೊಂಡರೆ ಒತ್ತು, ಗುಡಿಸು, ನಡುವಿನ ಅಂತರ ಎಲ್ಲ ಸೇರಿ ಎರಡು ಸಾಲಿಗೆ ಸುಮಾರು 60 ಮಿಲಿಮೀಟರ್ ಬೇಕಾಗುತ್ತದೆ. ಮೇಲಿನ ಅಂಚಿನಿಂದ 15 ಮಿಲಿಮೀಟರ್ ಬಿಡಬೇಕು, ಶೀರ್ಷಿಕೆಯ ಕೆಳಗೂ ಸ್ವಲ್ಪ ಉಸಿರು ಬೇಕು. 216ರಲ್ಲಿ ಮೂರನೇ ಒಂದು ಭಾಗ 72 ಮಾತ್ರ. ಆದ್ದರಿಂದ ಪ್ರಾಂಪ್ಟಿನಲ್ಲಿ ‘ಮೇಲಿನ ಶೇ 40 ಭಾಗ ಬರಿಯ ಆಕಾಶ’ ಎಂದು ಬರೆಯಿರಿ. ಸುಮಾರು 86 ಮಿಲಿಮೀಟರ್ ಸಿಗುತ್ತದೆ. ಲೇಖಕರ ಹೆಸರಿಗೆ ಕೆಳಗಡೆ ಕತ್ತಲಾದ ನೆಲದ ಒಂದು ಪಟ್ಟಿ ಇದ್ದರಾಯಿತು.

ಆ ಆಕಾಶವನ್ನು ಕೆಡಿಸಲು ಎರಡು ಶತ್ರುಗಳು ಕಾದಿರುತ್ತವೆ. ಒಂದು ಚಂದ್ರ. ರಾತ್ರಿ ಎಂದರೆ ಉಪಕರಣಗಳಿಗೆ ಹುಣ್ಣಿಮೆ ಎಂದೇ ಅರ್ಥ, ಅದೂ ಸರಿಯಾಗಿ ಶೀರ್ಷಿಕೆಯ ನಡುವೆ. ಇನ್ನೊಂದು ನಮ್ಮದೇ ಆವಿ. ಕೊಪ್ಪರಿಗೆಯ ಆವಿ ಮೇಲೇರುವುದು ಸಹಜ, ಅದು ಹೋಗಿ ನಿಲ್ಲುವುದು ಶೀರ್ಷಿಕೆಯ ಜಾಗದಲ್ಲಿ. ಅರ್ಧ ಬಿಳಿ ಅರ್ಧ ಕಡುನೀಲಿ ಹಿನ್ನೆಲೆಯ ಮೇಲೆ ಯಾವ ಬಣ್ಣದ ಅಕ್ಷರವೂ ಓದಲು ಬರುವುದಿಲ್ಲ. ‘ಆವಿ ಬಲಕ್ಕೆ ವಾಲಿ ಚಪ್ಪರದ ಸೂರಿನ ಮಟ್ಟದಲ್ಲೇ ಕರಗಿಹೋಗುತ್ತದೆ’ ಎಂದು ಬರೆದರೆ ಸಮಸ್ಯೆ ಬಗೆಹರಿಯುತ್ತದೆ. ಬೇಡವೆನ್ನುವ ಬದಲು ಏನಿರಬೇಕು ಎಂದು ಹೇಳುವುದೇ ಮೇಲು. ‘ಚಂದ್ರ ಬೇಡ’ ಎಂದು ಬರೆದರೆ ಕೆಲವು ಉಪಕರಣಗಳು ಚಂದ್ರ ಎಂಬ ಮಾತನ್ನಷ್ಟೇ ಹಿಡಿದುಕೊಳ್ಳುತ್ತವೆ.

ಬೆನ್ನು ಮತ್ತು ಅಂಚು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಪುಸ್ತಕ ಸುಳ್ಳೆನಿಸುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕನ್ನಡ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಮುಖಪುಟದ ಕಡೆಯಿಂದ ನೋಡಿ. ಬೆನ್ನು ಎಡಕ್ಕಿದೆ. ಹಾಳೆಗಳು ತೆರೆಯುವ ಅಂಚು ಬಲಕ್ಕಿದೆ. ಬೆನ್ನು ಕಾಣುವಂತೆ ಪುಸ್ತಕವನ್ನು ತಿರುಗಿಸಿದರೆ ಬಲಗಡೆಯ ಅಂಚು ಮರೆಯಾಗುತ್ತದೆ. ಎರಡೂ ಒಟ್ಟಿಗೆ ಕಾಣಲು ಸಾಧ್ಯವೇ ಇಲ್ಲ. ಆದರೆ ‘ಬೆನ್ನು ಮತ್ತು ಹಾಳೆಗಳ ಅಂಚು ಕಾಣಬೇಕು’ ಎಂದಷ್ಟೇ ಬರೆದರೆ ಉಪಕರಣ ನಿಮ್ಮ ಮಾತನ್ನು ಪಾಲಿಸಲು ಹೋಗಿ ಎರಡೂ ಬದಿಗೆ ಏನಾದರೊಂದು ಬಿಡಿಸುತ್ತದೆ, ಅಥವಾ ಬೆನ್ನಿರಬೇಕಾದ ಕಡೆ ಹಾಳೆಗಳನ್ನು ತೋರಿಸುತ್ತದೆ. ಅಂಚೂ ಬೇಕು ಬೆನ್ನೂ ಬೇಕು ಎಂದಾದರೆ ಸ್ವಲ್ಪ ಮೇಲಿನಿಂದ ನೋಡಿದಂತೆ ಕೇಳಬೇಕು. ಆಗ ಮುಖಪುಟ, ಎಡಗಡೆ ಬೆನ್ನು, ತಲೆಯ ಕಡೆಯ ಹಾಳೆಯಂಚು ಈ ಮೂರು ಮಾತ್ರ ಕಾಣುತ್ತವೆ. ಯಾವ ಅಂಚು ಎಂಬುದನ್ನು ಹೆಸರಿಸಿ ಬರೆಯಿರಿ.

ಇನ್ನೊಂದು ಗೊಂದಲ ಬೈಂಡಿಂಗಿನದು. ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬೆನ್ನು ಬಿಟ್ಟು ಉಳಿದ ಮೂರು ಬದಿಯಲ್ಲೂ ರಟ್ಟು ಹಾಳೆಗಳಿಗಿಂತ ಮೂರು ಮಿಲಿಮೀಟರಿನಷ್ಟು ಹೊರಚಾಚಿರುತ್ತದೆ, ಬೆನ್ನಿನ ಪಕ್ಕ ಆಳವಾದ ತೋಡು ಇರುತ್ತದೆ. ಪೇಪರ್‌ಬ್ಯಾಕಿನಲ್ಲಿ ರಕ್ಷಾಪುಟವನ್ನೂ ಹಾಳೆಗಳನ್ನೂ ಒಟ್ಟಿಗೆ ಕತ್ತರಿಸುವುದರಿಂದ ಎರಡೂ ಒಂದೇ ಮಟ್ಟದಲ್ಲಿರುತ್ತವೆ. ಅಂಟು ಹಾಕಿದ ಬೆನ್ನು ಚೌಕವಾಗಿ ಚಪ್ಪಟೆಯಾಗಿರುತ್ತದೆ. ಉಪಕರಣಗಳು ಇವೆರಡನ್ನೂ ಬೆರೆಸಿ, ಹೊರಚಾಚಿದ ರಟ್ಟಿನ ಪೇಪರ್‌ಬ್ಯಾಕ್ ಕೊಡುತ್ತವೆ. ‘ರಕ್ಷಾಪುಟದ ಅಂಚು ಹಾಳೆಗಳಿಗೆ ಸಮ’ ಎಂಬ ನಾಲ್ಕು ಮಾತು ಸೇರಿಸಿದರೆ ಸಾಕು. ಕಾಗದ ಅಚ್ಚ ಬಿಳಿಯಾಗದೆ ತುಸು ಕೆನೆ ಬಣ್ಣದ್ದು ಎಂದೂ ಬರೆಯಿರಿ.

ಒಟ್ಟು ಪ್ರಾಂಪ್ಟ್

ಬರೆಯುವ ಕ್ರಮಕ್ಕೂ ಬೆಲೆ ಇದೆ. ಆಲೆಮನೆಯಿಂದ ಶುರು ಮಾಡಿದರೆ ಉಪಕರಣ ಇಡೀ ಚಿತ್ರವನ್ನೇ ಆಲೆಮನೆ ಮಾಡಿ, ಬೆಂಕಿಯ ಮುಂದೆ ಪುಸ್ತಕವೊಂದನ್ನು ನಿಲ್ಲಿಸಿಬಿಡುತ್ತದೆ. ಮೊದಲು ಪುಸ್ತಕ, ಆಮೇಲೆ ಅದರ ಮೇಲೆ ಮುದ್ರಿತವಾದ ದೃಶ್ಯ. ಪುಸ್ತಕ ಛಾಯಾಚಿತ್ರದಂತೆ, ದೃಶ್ಯ ಕೈಯಲ್ಲಿ ಬಿಡಿಸಿದ ಬಣ್ಣದ ಚಿತ್ರದಂತೆ ಎಂದು ಬೇರೆ ಬೇರೆ ಹೇಳಿದರೆ ಎರಡೂ ಒಂದರೊಳಗೊಂದು ಸೋರುವುದಿಲ್ಲ. ಚಾಟ್‌ಜಿಪಿಟಿ, ಜೆಮಿನಿಗಳಿಗೆ ಕನ್ನಡದಲ್ಲೇ ಬರೆಯಬಹುದು:

‘ಸಾದಾ ಬೂದು ಮೇಜಿನ ಮೇಲೆ ನೇರವಾಗಿ ನಿಂತಿರುವ ಒಂದೇ ಒಂದು ಪುಸ್ತಕದ ಛಾಯಾಚಿತ್ರ. ಸುಮಾರು 200 ಪುಟಗಳ ತೆಳ್ಳನೆಯ ಪೇಪರ್‌ಬ್ಯಾಕ್. ಎತ್ತರ ಅಗಲದ ಒಂದೂವರೆ ಪಟ್ಟು. ಸ್ವಲ್ಪ ಮೇಲಿನಿಂದ ನೋಡಿದಂತೆ: ಮುಖಪುಟ, ಅದರ ಎಡಗಡೆ ಕಿರಿದಾದ ಚಪ್ಪಟೆ ಬೆನ್ನು, ಮೇಲ್ಗಡೆಯ ಕೆನೆ ಬಣ್ಣದ ಹಾಳೆಯಂಚು ಕಾಣುತ್ತವೆ. ರಕ್ಷಾಪುಟದ ಅಂಚು ಹಾಳೆಗಳಿಗೆ ಸಮ. ಮುಖಪುಟದ ಮೇಲೆ ಮುದ್ರಿತವಾಗಿರುವುದು ದಪ್ಪ ಜಲವರ್ಣದಲ್ಲಿ ಬಿಡಿಸಿದ ರಾತ್ರಿಯ ದೃಶ್ಯ: ಮೇಲಿನ ಶೇ 40 ಭಾಗ ಏನೂ ಇಲ್ಲದ ಒಂದೇ ಬಣ್ಣದ ಕಡುನೀಲಿ ಆಕಾಶ. ಅದರ ಕೆಳಗೆ ಗರಿ ಹೊದಿಸಿದ ತೆರೆದ ಚಪ್ಪರ, ಮಣ್ಣಿನ ಒಲೆಯ ಮೇಲೆ ಬಹಳ ಅಗಲದ, ಆಳವಿಲ್ಲದ ದುಂಡನೆಯ ಕಬ್ಬಿಣದ ಬಾಣಲೆ, ನೊರೆಯೇಳುವ ಕಂದು ರಸ. ಬೆಳಕು ಒಲೆಯ ಬಾಯಿಂದ ಮಾತ್ರ, ಕಿತ್ತಳೆ ಬಣ್ಣ. ಆವಿ ಬಲಕ್ಕೆ ವಾಲಿ ಸೂರಿನ ಮಟ್ಟದಲ್ಲೇ ಕರಗುತ್ತದೆ. ಒಲೆಯ ಪಕ್ಕ ಒಂದು ಜೊತೆ ಹಳೆಯ ಚಪ್ಪಲಿ; ಜನರಿಲ್ಲ. ಕೆಳತುದಿಯಲ್ಲಿ ಕತ್ತಲಾದ ನೆಲ. ಆಕಾಶದ ಕಡುನೀಲಿಯೇ ಬೆನ್ನಿನ ಮೇಲೂ ಮುಂದುವರಿಯುತ್ತದೆ. ಪುಸ್ತಕದ ಮೇಲೆ ಎಲ್ಲಿಯೂ ಬರಹವಿಲ್ಲ.’

ಮಿಡ್‌ಜರ್ನಿಗೆ ಇಂಗ್ಲಿಷೇ ಸರಿ, ಅದೂ ಚಿಕ್ಕದಾಗಿದ್ದಷ್ಟು ಒಳ್ಳೆಯದು. ಅಲ್ಲಿ ಬೇಡವಾದದ್ದನ್ನು ಹೇಳಲು ಪ್ರತ್ಯೇಕ ಸೂಚನೆಯೇ ಇರುವುದರಿಂದ ಚಂದ್ರನನ್ನೂ ಅಕ್ಷರಗಳನ್ನೂ ಧೈರ್ಯವಾಗಿ ಹೆಸರಿಸಬಹುದು:

```
Photo of one slim 200-page paperback standing on a plain grey table,
seen slightly from above, narrow flat spine on the left, cream top
page edge, cover flush with pages. Printed on cover: gouache night
scene, upper 40% flat indigo sky, below it an open thatched shed,
very wide shallow iron pan boiling on a mud furnace, orange firelight
only, pair of old sandals on the ground --ar 4:5 --no text, moon, people
```

ಬಂದದ್ದನ್ನು ಪರೀಕ್ಷಿಸುವುದು

ಮೊದಲು ದಪ್ಪ. ಪರದೆಯ ಮೇಲೆ ಬೆನ್ನಿನ ಅಗಲವನ್ನೂ ಮುಖಪುಟದ ಅಗಲವನ್ನೂ ಅಳೆಯಿರಿ. ಪುಸ್ತಕ ಅರ್ಧಕ್ಕೆ ಅರ್ಧ, ಅಂದರೆ 45 ಡಿಗ್ರಿ ತಿರುಗಿದ್ದರೆ ಬೆನ್ನು ಹದಿನಾಲ್ಕನೇ ಒಂದು ಭಾಗದಷ್ಟು ಕಾಣಬೇಕು. ಅದಕ್ಕಿಂತ ಕಡಿಮೆ ತಿರುಗಿದ್ದರೆ ಇನ್ನೂ ತೆಳ್ಳಗೆ. ಬೆನ್ನು ಐದನೇ ಒಂದು ಭಾಗದಷ್ಟು ಕಂಡರೆ ನಿಮ್ಮ ಮುಂದಿರುವುದು ಐನೂರು ಪುಟ ಮೀರಿದ ಪುಸ್ತಕ. ಇನ್ನೂರು ಪುಟದ ಕಾದಂಬರಿಗೆ ಇಂಥ ಚಿತ್ರ ತೋರಿಸಿ ಮುದ್ರಿತ ಪ್ರತಿಯನ್ನು ಕೈಗೆ ಕೊಟ್ಟರೆ ಮೋಸ ಹೋದಂತೆ ಓದುಗರಿಗೆ ಅನಿಸುತ್ತದೆ.

ಬಳಿಕ ಹಾಳೆಯಂಚಿನ ಗೆರೆಗಳು. ಅವು ಮುಖಪುಟಕ್ಕೆ ಸಮಾನಾಂತರವಾಗಿ, ಅಂಚಿನ ಉದ್ದಕ್ಕೂ ಓಡಬೇಕು. ಅಡ್ಡಡ್ಡ ಪಕ್ಕೆಲುಬಿನಂತಿದ್ದರೆ, ಅಥವಾ ಎಣಿಸಲು ಬರುವಷ್ಟು ದಪ್ಪಗಿದ್ದರೆ ಚಿತ್ರ ಸುಳ್ಳು. ಇಷ್ಟು ದೂರದಿಂದ ನೂರು ಹಾಳೆ ಬಹುತೇಕ ನಯವಾದ ಒಂದು ಪಟ್ಟಿಯಂತೆ ಕಾಣಬೇಕು. ಮುಖಪುಟದ ಮೇಲಂಚು ವಾಲಿದ ದಿಕ್ಕಿಗೆ ಒಳಗಿನ ಚಪ್ಪರವೂ ವಾಲಿದೆಯೇ ನೋಡಿ. ಪುಸ್ತಕ ಓರೆಯಾಗಿ ನಿಂತು ಚಿತ್ರ ನೇರವಾಗಿದ್ದರೆ ಸ್ಟಿಕರ್ ಅಂಟಿಸಿದಂತೆ ಇರುತ್ತದೆ. ಕೊನೆಗೆ ಚಪ್ಪಲಿ ಎಣಿಸಿ. ಮೂರು ಬಂದಿರುವುದು ಅಪರೂಪವಲ್ಲ.

ತಪ್ಪು ಒಂದೇ ಕಡೆ ಇದ್ದರೆ ಇಡೀ ಚಿತ್ರವನ್ನು ಮತ್ತೆ ಕೇಳಬೇಡಿ. ಆ ಭಾಗವನ್ನಷ್ಟೇ ಗುರುತು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಹೇಳಿ. ಆದರೆ ದಪ್ಪ ಅಥವಾ ಕೋನ ತಪ್ಪಿದ್ದರೆ ತಿದ್ದುಪಡಿಗೆ ಬಗ್ಗುವುದಿಲ್ಲ, ಹೊಸದಾಗಿಯೇ ಕೇಳಬೇಕು.

ಅಕ್ಷರ ಕೂರಿಸುವುದು, ಮುದ್ರಣಕ್ಕೆ ಕಳುಹಿಸುವುದು

ಶೀರ್ಷಿಕೆಯನ್ನು ಉಪಕರಣದ ಕೈಗೆ ಕೊಡಬೇಡಿ. ಸರಿಯಾಗಿ ಜೋಡಿಸಿದ ಚಿತ್ರವನ್ನು ತಿದ್ದಲು ಕೊಟ್ಟರೂ ಅದು ಎಲ್ಲವನ್ನೂ ಮತ್ತೆ ಬಿಡಿಸುವಾಗ ಒತ್ತಕ್ಷರಗಳನ್ನು ಮುರಿಯುತ್ತದೆ. ಚಿತ್ರದ ಕೆಲಸ ಪೂರ್ತಿ ಮುಗಿದ ಮೇಲೆ ಜಿಂಪ್ ಅಥವಾ ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಅಕ್ಷರಗಳಿಂದ ಶೀರ್ಷಿಕೆ ಜೋಡಿಸಿ. ಗಂಭೀರ ಪುಸ್ತಕಕ್ಕೆ ಟೀರೋ ಕನ್ನಡ, ದಪ್ಪ ಅಕ್ಷರ ಬೇಕಿದ್ದರೆ ಅನೇಕ್ ಕನ್ನಡ, ಎರಡೂ ಉಚಿತ. ನಿಂತ ಪುಸ್ತಕದ ಚಿತ್ರದಲ್ಲಾದರೆ ಜಿಂಪಿನ ಪರ್‌ಸ್ಪೆಕ್ಟಿವ್ ಸಾಧನದಿಂದ ಆ ಸಾಲನ್ನು ಮುಖಪುಟದ ನಾಲ್ಕು ಮೂಲೆಗಳ ವಾಲಿಕೆಗೆ ಹೊಂದಿಸಿ. ಬೆನ್ನಿನ ಮೇಲಿನ ಹೆಸರು ಮೇಲಿನಿಂದ ಕೆಳಕ್ಕೆ ಓಡಲಿ. ಪುಸ್ತಕವನ್ನು ಮುಖಪುಟ ಮೇಲಾಗಿ ಮಲಗಿಸಿದಾಗ ಅದು ನೇರವಾಗಿ ಓದಿಸಿಕೊಳ್ಳುತ್ತದೆ. ಮಡಿಕೆ ಒಂದು ಮಿಲಿಮೀಟರ್ ಅತ್ತಿತ್ತ ಜಾರುವುದು ಮಾಮೂಲು, ಹಾಗಾಗಿ 10 ಮಿಲಿಮೀಟರ್ ಬೆನ್ನಿನಲ್ಲಿ ಒತ್ತು ಗುಡಿಸು ಸೇರಿ ಅಕ್ಷರ 7 ಮಿಲಿಮೀಟರ್ ಮೀರಬಾರದು.

ಪ್ರಕಾಶಕರು ಒಪ್ಪಿದ ಮೇಲೆ ಮುದ್ರಣಕ್ಕೆ ಬೇಕಾಗುವುದು ಈ ಚಿತ್ರವಲ್ಲ, ಚಪ್ಪಟೆಯಾದ ದೃಶ್ಯ ಮಾತ್ರ. ಒಪ್ಪಿಗೆಯಾದ ಚಿತ್ರವನ್ನೇ ಮಾದರಿಯಾಗಿ ಕೊಟ್ಟು, ಪುಸ್ತಕವಿಲ್ಲದೆ ಮುಖಪುಟದ ದೃಶ್ಯವನ್ನಷ್ಟೇ 2:3 ಅನುಪಾತದಲ್ಲಿ ಕೇಳಿ. ಅದು ಹೂಬೇಹೂಬಾಗಿ ಬರುವುದಿಲ್ಲ. ಶೀರ್ಷಿಕೆಯ ಜಾಗವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಮೇಲೆ, ಕೆಳಗೆ, ಬಲಕ್ಕೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕಟಿಂಗ್ ಆಗುವಾಗ ಹೋಗುವ ಹೆಚ್ಚುವರಿ ಅಂಚು, ಸೇರಿದರೆ ಎತ್ತರ 222 ಮಿಲಿಮೀಟರ್ ಆಗುತ್ತದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 2,620 ಪಿಕ್ಸೆಲ್. ಉಪಕರಣ ಕೊಟ್ಟ ಚಿತ್ರ 1,536 ಪಿಕ್ಸೆಲ್ ಎತ್ತರವಿದ್ದರೆ ಇಂಚಿಗೆ 175ರಷ್ಟೇ ಆಯಿತು, ಹಿಗ್ಗಿಸಲೇಬೇಕು. ಕೈಚಿತ್ರದ ಶೈಲಿ ಆರಿಸಿದ್ದರ ಲಾಭ ಈಗ ತಿಳಿಯುತ್ತದೆ: ಹಿಗ್ಗಿಸಿದ ಛಾಯಾಚಿತ್ರ ಪೇಲವವಾಗುತ್ತದೆ, ಕುಂಚದ ಗುರುತುಗಳಿರುವ ಚಿತ್ರ ಅಷ್ಟು ಕೆಡುವುದಿಲ್ಲ. ಪರದೆಯಲ್ಲಿ ಹೊಳೆಯುವ ಕಡುನೀಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಕಪ್ಪಿಗೆ ಇಳಿಯುತ್ತದೆ, ಆದ್ದರಿಂದ ಆಕಾಶವನ್ನು ಒಂದು ಪಾಲು ತಿಳಿಗೊಳಿಸಿ ಕಳುಹಿಸಿ, ಮ್ಯಾಟ್ ಲ್ಯಾಮಿನೇಷನ್ ಹಾಕಿದ ಒಂದು ಪ್ರೂಫ್ ಕೇಳಿ ತರಿಸಿಕೊಳ್ಳಿ.